ಮೊತ್ತ ಕೂಡಿಸದೆ ಊರು ಆರಿಸುವ ಲಾಹಿರಿ ಉಪಾಯ

ಒಂದು ಪಟ್ಟಿಯಲ್ಲಿ ಹತ್ತು ಹಳ್ಳಿಗಳಿವೆ ಎಂದುಕೊಳ್ಳಿ. ಮನೆಗಳ ಸಂಖ್ಯೆ ಕ್ರಮವಾಗಿ 120, 340, 85, 510, 60, 275, 190, 430, 150, 240. ಸಮೀಕ್ಷೆಗೆ ಒಂದು ಹಳ್ಳಿಯನ್ನು ಆರಿಸಬೇಕು, ಆದರೆ ಹತ್ತು ಚೀಟಿ ಬರೆದು ಒಂದನ್ನು ಎತ್ತಿದರೆ ಸಾಲದು. ಹಾಗೆ ಮಾಡಿದರೆ 60 ಮನೆಯ ಐದನೆಯ ಊರಿಗೂ 510 ಮನೆಯ ನಾಲ್ಕನೆಯ ಊರಿಗೂ ಒಂದೇ ಅವಕಾಶ ಸಿಗುತ್ತದೆ. ನಮಗೆ ಬೇಕಿರುವುದು ಮನೆಗಳ ಸಂಖ್ಯೆ ಎಷ್ಟು ಪಟ್ಟು ಹೆಚ್ಚೋ ಆಯ್ಕೆಯಾಗುವ ಅವಕಾಶವೂ ಅಷ್ಟೇ ಪಟ್ಟು ಹೆಚ್ಚಿರುವ ಚೀಟಿಯಾಟ.

ಇದಕ್ಕೆ ರೂಢಿಯಲ್ಲಿದ್ದ ದಾರಿ ಸಂಚಿತ ಮೊತ್ತದ್ದು. 120, 460, 545, 1055 ಎಂದು ಒಂದರ ಮೇಲೊಂದು ಕೂಡಿಸುತ್ತ ಹೋದರೆ ಕೊನೆಗೆ 2400 ಬರುತ್ತದೆ. 1ರಿಂದ 2400ರೊಳಗಿನ ಒಂದು ಯಾದೃಚ್ಛಿಕ ಸಂಖ್ಯೆ ತೆಗೆದು, ಅದು ಯಾವ ಊರಿನ ಪಾಲಿಗೆ ಬೀಳುತ್ತದೋ ಆ ಊರನ್ನು ಆರಿಸಿದರಾಯಿತು. ಹತ್ತು ಊರಿಗೆ ಇದು ಸುಲಭ. ಆದರೆ ಪಟ್ಟಿಯಲ್ಲಿ ಸಾವಿರ ಊರುಗಳಿದ್ದು, ಕೂಡಿಸುವುದು ಕೈಯಲ್ಲೇ ಆಗಬೇಕಾದರೆ ಅದು ದಿನಗಟ್ಟಲೆಯ ಕೆಲಸ. ಐವತ್ತನೆಯ ಸಾಲಿನಲ್ಲಿ ಕೈ ತಪ್ಪಿದರೆ ಆ ತಪ್ಪು ಕೆಳಗಿನ ಸಾಲುಗಳಿಗೆಲ್ಲ ಇಳಿಯುತ್ತದೆ.

ಭಾರತದ ರಾಷ್ಟ್ರೀಯ ಮಾದರಿ ಸಮೀಕ್ಷೆ 1950ರಲ್ಲಿ ಶುರುವಾದಾಗ ಇಂಥ ಹಳ್ಳಿಪಟ್ಟಿಗಳೇ ಅದರ ದಿನನಿತ್ಯದ ಕಚ್ಚಾವಸ್ತು. ಮರುವರ್ಷ, 1951ರಲ್ಲಿ, ಕಲ್ಕತ್ತಾದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಡಿ. ಬಿ. ಲಾಹಿರಿ ಕೂಡಿಸುವ ಕೆಲಸವನ್ನೇ ಇಲ್ಲವಾಗಿಸುವ ಉಪಾಯವೊಂದನ್ನು ಪ್ರಕಟಿಸಿದರು. ಯಾವ ಊರಿನಲ್ಲೂ ಅದಕ್ಕಿಂತ ಹೆಚ್ಚು ಮನೆಗಳಿಲ್ಲ ಎಂದು ಖಚಿತವಾಗಿ ಹೇಳಬಲ್ಲ ಒಂದು ಮಿತಿಯನ್ನು ಮೊದಲು ಹಿಡಿಯಬೇಕು. ನಮ್ಮ ಪಟ್ಟಿಗೆ 600 ಇರಲಿ. ಈಗ ಎರಡು ಯಾದೃಚ್ಛಿಕ ಸಂಖ್ಯೆಗಳನ್ನು ತೆಗೆಯಬೇಕು, 1ರಿಂದ 10ರೊಳಗೆ ಒಂದು, 1ರಿಂದ 600ರೊಳಗೆ ಇನ್ನೊಂದು. ಮೊದಲನೆಯದು ಊರನ್ನು ತೋರಿಸುತ್ತದೆ. ಎರಡನೆಯದು ಆ ಊರಿನ ಮನೆಗಳ ಸಂಖ್ಯೆಗೆ ಸಮ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಊರು ಆಯ್ಕೆಯಾಯಿತು. ಹೆಚ್ಚಿದ್ದರೆ ಎರಡೂ ಸಂಖ್ಯೆಗಳನ್ನು ಬಿಟ್ಟು ಹೊಸ ಜೋಡಿ ತೆಗೆಯಬೇಕು. ಮೊದಲ ಜೋಡಿ 7 ಮತ್ತು 322 ಬಂತೆನ್ನಿ. ಏಳನೆಯ ಊರಿನಲ್ಲಿ ಇರುವುದು 190 ಮನೆ, ಆದ್ದರಿಂದ ಬಿಟ್ಟೆವು. ಮುಂದಿನ ಜೋಡಿ 4 ಮತ್ತು 467. ನಾಲ್ಕನೆಯದರಲ್ಲಿ 510 ಮನೆಗಳಿವೆ, ಆಯ್ಕೆ ಮುಗಿಯಿತು.

ಇದು ಹೇಗೆ ಸರಿಹೋಗುತ್ತದೆ ಎಂಬುದನ್ನು ಗೋಡೆಯ ಮೇಲೆ ಚಿತ್ರ ಬರೆದು ನೋಡಬಹುದು. ಒಂದೇ ಅಗಲದ ಹತ್ತು ಪಟ್ಟೆಗಳನ್ನು ಪಕ್ಕಪಕ್ಕದಲ್ಲಿ ಎಳೆಯಿರಿ. ಪ್ರತಿಯೊಂದರ ಎತ್ತರ ಆ ಊರಿನ ಮನೆಗಳಷ್ಟು. ಎಲ್ಲವನ್ನೂ ಒಳಗೊಳ್ಳುವಂತೆ 600ರ ಎತ್ತರದ ಒಂದು ಚೌಕಟ್ಟು ಹಾಕಿ. ಎರಡು ಸಂಖ್ಯೆ ತೆಗೆಯುವುದೆಂದರೆ ಈ ಚೌಕಟ್ಟಿನೊಳಗೆ ಕಣ್ಣುಮುಚ್ಚಿ ಒಂದು ಚುಕ್ಕಿ ಇಟ್ಟಂತೆ. ಚುಕ್ಕಿ ಪಟ್ಟೆಯ ಮೇಲಿನ ಖಾಲಿ ಜಾಗಕ್ಕೆ ಬಿದ್ದರೆ ಲೆಕ್ಕಕ್ಕಿಲ್ಲ. ಪಟ್ಟೆಯೊಳಗೆ ಬಿದ್ದ ಚುಕ್ಕಿಗಳನ್ನು ಮಾತ್ರ ಎಣಿಸಿದರೆ, ಎತ್ತರದ ಪಟ್ಟೆಗೆ ಅದರ ಎತ್ತರಕ್ಕೆ ತಕ್ಕಷ್ಟೇ ಚುಕ್ಕಿ ಸಿಕ್ಕಿರುತ್ತವೆ. ಅಂಕಿಯಲ್ಲೂ ಹಾಗೆಯೇ. ಒಂದು ಯತ್ನದಲ್ಲಿ ನಾಲ್ಕನೆಯ ಊರು ಆಯ್ಕೆಯಾಗುವ ಸಂಭವನೀಯತೆ ಹತ್ತರಲ್ಲೊಂದು ಗುಣಿಸು 510/600, ಅಂದರೆ 0.085. ಯಾವುದೋ ಒಂದು ಊರು ಆಯ್ಕೆಯಾಗುವ ಸಂಭವನೀಯತೆ 0.4. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 0.2125, ಇದು 2400ರಲ್ಲಿ 510ರ ಪಾಲೇ. ಒಂದು ಆಯ್ಕೆಗೆ ಸರಾಸರಿ ಎರಡೂವರೆ ಯತ್ನ ಬೇಕಾಗುತ್ತದೆ.

ಈ ವಿಧಾನದಲ್ಲಿ ಸಾಮಾನ್ಯವಾಗಿ ಆಗಬಹುದಾದ ತಪ್ಪು ತೀರಾ ಮುಗ್ಧವಾಗಿ ಕಾಣುತ್ತದೆ. ಊರು ಹೇಗೂ ಸಿಕ್ಕಿದೆಯಲ್ಲ, ಎರಡನೆಯ ಸಂಖ್ಯೆಯನ್ನಷ್ಟೇ ಮತ್ತೆ ತೆಗೆಯೋಣ ಎಂದುಕೊಂಡರೆ ಇಡೀ ಆಟವೇ ಕೆಡುತ್ತದೆ. 60 ಮನೆಯ ಊರನ್ನು ಕೈಯಲ್ಲಿ ಹಿಡಿದು ಸಂಖ್ಯೆ ತೆಗೆಯುತ್ತಲೇ ಇದ್ದರೆ, ಎಂದಾದರೊಮ್ಮೆ 60ರ ಒಳಗಿನದು ಬಂದೇ ಬರುತ್ತದೆ. ಹೀಗೆ ಹಿಡಿದ ಊರೆಲ್ಲ ಕೊನೆಗೆ ಆಯ್ಕೆಯಾಗುವುದರಿಂದ ಪ್ರತಿ ಊರಿಗೂ ಹತ್ತರಲ್ಲೊಂದು ಅವಕಾಶ. ಐದನೆಯ ಊರಿಗೆ ಸಲ್ಲಬೇಕಾದದ್ದು ಶೇ. 2.5, ಸಿಗುವುದು ಶೇ. 10. ಗಾತ್ರವನ್ನು ತೂಕಕ್ಕೆ ಹಾಕುವ ಕೆಲಸವನ್ನು ಮಾಡುವುದೇ ತಿರಸ್ಕಾರ, ಊರನ್ನೂ ಸೇರಿಸಿ ಬಿಟ್ಟಾಗ ಮಾತ್ರ ಅದು ನಡೆಯುತ್ತದೆ. ಈ ತಪ್ಪು ಆಗಿದೆಯೇ ಎಂದು ತಿಳಿಯಲು ಆಯ್ಕೆಯ ಹಾಳೆ ನೋಡಿದರೆ ಸಾಕು. ತಿರಸ್ಕಾರವಾದ ಸಾಲಿನ ಕೆಳಗೆ ಸಾಲುಸಾಲಾಗಿ ಅದೇ ಊರಿನ ಸಂಖ್ಯೆ ಇದ್ದರೆ ಎಡವಟ್ಟಾಗಿದೆ.

ಮಿತಿಯ ವಿಷಯದಲ್ಲಿ ಒಂದು ಕಡೆಯ ತಪ್ಪಿಗೆ ಮಾತ್ರ ಕ್ಷಮೆಯಿದೆ. 600ರ ಬದಲು 1000 ಹಿಡಿದರೆ ಯತ್ನಗಳು ಸರಾಸರಿ ನಾಲ್ಕಕ್ಕಿಂತ ತುಸು ಹೆಚ್ಚಾಗುತ್ತವೆ, ಉತ್ತರ ಕೆಡುವುದಿಲ್ಲ. ಆದರೆ 400 ಹಿಡಿದರೆ 430ರ ಊರೂ 510ರ ಊರೂ ಯಾವಾಗಲೂ ಪಾಸಾಗುತ್ತವೆ, ಎರಡಕ್ಕೂ 400 ಮನೆಯ ಊರಿಗೆ ಸಿಗುವಷ್ಟೇ ಅವಕಾಶ. ಲಾಹಿರಿ ವಿಧಾನದಲ್ಲಿ ಚೀಟಿಗೆ ಬಂದ ಊರಿನ ಗಾತ್ರವನ್ನಷ್ಟೇ ನೋಡಿದರೆ ಸಾಕು, ಉಳಿದವುಗಳ ಗಾತ್ರ ಗೊತ್ತಿಲ್ಲದಿದ್ದರೂ ನಡೆಯುತ್ತದೆ. ಇದು ದೊಡ್ಡ ಅನುಕೂಲ, ಅಪಾಯ ಅವಿತಿರುವುದೂ ಇಲ್ಲೇ. ಮಿತಿ ಮೀರಿದ ಊರು ಪಟ್ಟಿಯಲ್ಲಿದ್ದರೂ ಅದು ಚೀಟಿಗೆ ಬರುವವರೆಗೆ ಕಣ್ಣಿಗೆ ಬೀಳದು. ಬಿದ್ದ ದಿನ ಹಿಂದಿನ ಆಯ್ಕೆಗಳನ್ನೆಲ್ಲ ಕೈಬಿಟ್ಟು, ಮಿತಿ ಏರಿಸಿ, ಮೊದಲಿನಿಂದ ಶುರುಮಾಡಬೇಕು. ಆದ್ದರಿಂದ ಮಿತಿಯಲ್ಲಿ ಧಾರಾಳವಾಗಿರುವುದೇ ಜಾಣತನ.

ಧಾರಾಳಕ್ಕೂ ಬೆಲೆ ತೆರಬೇಕಾದದ್ದು ಪಟ್ಟಿಯಲ್ಲೊಂದು ಪಟ್ಟಣ ಸೇರಿಕೊಂಡಾಗ. ನಮ್ಮ ಹತ್ತು ಊರಿನ ಜೊತೆ 6000 ಮನೆಯ ಪಟ್ಟಣವೊಂದು ಇದ್ದಿದ್ದರೆ ಮಿತಿಯೂ 6000 ಆಗುತ್ತಿತ್ತು, ಒಂದು ಆಯ್ಕೆಗೆ ಸರಾಸರಿ ಎಂಟರಷ್ಟು ಯತ್ನ ಬೇಕಾಗುತ್ತಿತ್ತು. ಆಗ ಪಟ್ಟಣವನ್ನು 500 ಮನೆಗಳ ಹನ್ನೆರಡು ತುಂಡು ಮಾಡಿ ಒಂದೊಂದನ್ನೂ ಬೇರೆ ಊರೆಂದು ಬರೆದುಕೊಳ್ಳುವುದು ಒಳ್ಳೆಯದು. ಮಿತಿ ಮತ್ತೆ 600ಕ್ಕೆ ಇಳಿಯುತ್ತದೆ, ಯತ್ನಗಳು ಸುಮಾರು ಒಂದೂವರೆಗೆ. ಆಯ್ಕೆಯಾದ ತುಂಡನ್ನಷ್ಟೇ ಸಮೀಕ್ಷೆ ಮಾಡಿದರಾಯಿತು.

ಒಟ್ಟು ಮನೆಗಳು ಎಷ್ಟೆಂದು ಆರಿಸಲು ತಿಳಿಯಬೇಕಿಲ್ಲ. ಪ್ರತಿ ಮನೆಗೆ ಸರಾಸರಿ ಎಷ್ಟು ದನಗಳಿವೆ ಎಂದು ಅಂದಾಜಿಸಲೂ ಬೇಕಿಲ್ಲ. ಹೀಗೆ ಮತ್ತೆ ಮತ್ತೆ ಆರಿಸಿದ ಒಂದೊಂದು ಊರಿನಲ್ಲೂ ದನಗಳ ಸಂಖ್ಯೆಯನ್ನು ಮನೆಗಳ ಸಂಖ್ಯೆಯಿಂದ ಭಾಗಿಸಿ ಸರಾಸರಿ ತೆಗೆದರೆ ಸಾಕು. ಇಡೀ ಪಟ್ಟಿಯ ಊರುಗಳಲ್ಲಿ ದನಗಳೆಷ್ಟು ಎಂದು ಹೇಳಬೇಕಾದಾಗ ಮಾತ್ರ 2400 ಬೇಕೇಬೇಕು.

ಲಾಹಿರಿಯವರ ಕಣ್ಣಿದ್ದದ್ದು ಒಂದೊಂದೇ ಊರನ್ನು ಆರಿಸುವುದರ ಮೇಲಷ್ಟೇ ಅಲ್ಲ. ನಾಲ್ಕು ಊರಿನ ಗುಂಪೊಂದನ್ನು ಅದರ ಒಟ್ಟು ಮನೆಗಳಿಗೆ ತಕ್ಕ ಸಂಭವನೀಯತೆಯಿಂದ ಆರಿಸಿದರೆ, ಗುಂಪಿನ ದನಗಳ ಮೊತ್ತವನ್ನು ಮನೆಗಳ ಮೊತ್ತದಿಂದ ಭಾಗಿಸಿ ಪಡೆಯುವ ಅಂದಾಜಿನಲ್ಲಿ ಯಾವ ಕಡೆಗೂ ವಾಲುವಿಕೆ ಇರುವುದಿಲ್ಲ. ಮಾಮೂಲಿ ಚೀಟಿಯಿಂದ ಆರಿಸಿದ ಗುಂಪಿನಲ್ಲಿ ಆ ಭರವಸೆಯಿಲ್ಲ. ಆದರೆ ನೂರು ಊರುಗಳಿಂದ ನಾಲ್ಕರ ಗುಂಪುಗಳು 39,21,225 ಆಗುತ್ತವೆ, ಅವನ್ನೆಲ್ಲ ಸಾಲಾಗಿ ಬರೆದು ಕೂಡಿಸುವುದು ಆಗದ ಮಾತು. ಲಾಹಿರಿ ಉಪಾಯಕ್ಕೆ ಪಟ್ಟಿಯೇ ಬೇಡ. ಮಾಮೂಲಿ ಚೀಟಿಯಿಂದ ನಾಲ್ಕು ಬೇರೆ ಬೇರೆ ಊರು ಎತ್ತಿ ಅವುಗಳ ಮನೆಗಳನ್ನು ಕೂಡಿಸಬೇಕು. ಅತಿ ದೊಡ್ಡ ನಾಲ್ಕು ಊರುಗಳ ಮೊತ್ತವನ್ನು ಮಿತಿಯಾಗಿ ಹಿಡಿದು ಒಂದು ಸಂಖ್ಯೆ ತೆಗೆದು, ಗುಂಪನ್ನು ಇಡಿಯಾಗಿ ಒಪ್ಪಬೇಕು ಇಲ್ಲವೇ ಇಡಿಯಾಗಿ ಬಿಡಬೇಕು. ಮೊದಲ ಊರನ್ನು ಮಾತ್ರ ಗಾತ್ರಕ್ಕೆ ತಕ್ಕಂತೆ ಆರಿಸಿ, ಉಳಿದ ಮೂರನ್ನು ಮಾಮೂಲಿ ಚೀಟಿಯಿಂದ ಎತ್ತಿದರೂ ಇದೇ ಫಲ ಸಿಗುತ್ತದೆ ಎಂದು ಜಪಾನಿನ ಮಿಡ್ಜುನೊ 1952ರಲ್ಲಿ ತೋರಿಸಿದರು.