ಪನೀರು, ಮೊಸರು, ತುಪ್ಪ: ಹೋಟೆಲ್ ಅಡುಗೆಮನೆಯ ಲೆಕ್ಕ

ಅಕ್ಕಲಕೋಟ: ಗುರುವಾರ ಬಂತೆಂದರೆ ಸ್ವಾಮಿ ಸಮರ್ಥರ ದರ್ಶನಕ್ಕೆ ಜನ ಸೇರುತ್ತಾರೆ, ಖಾನಾವಳಿಗಳಲ್ಲಿ ಪನೀರು, ಮೊಸರಿನ ಬೇಡಿಕೆ ಏರುತ್ತದೆ. ಇವನ್ನು ಹಾಲು ತಂದು ಮಾಡಿಕೊಳ್ಳುವುದು ಲಾಭವೋ, ಸೋಲಾಪುರದ ಪೇಟೆಯಿಂದ ಕೊಳ್ಳುವುದು ಲಾಭವೋ? ಮೂರಕ್ಕೂ ಉತ್ತರ ಬೇರೆ ಬೇರೆ.

ಶೇ. 6 ಫ್ಯಾಟ್ ಇರುವ ಎಮ್ಮೆ ಹಾಲು ಲೀಟರಿಗೆ 65 ರೂಪಾಯಿ ಎಂದು ಹಿಡಿಯೋಣ. 10 ಲೀಟರಿಗೆ 650 ರೂ. ಇದರಿಂದ ಸುಮಾರು 2 ಕಿಲೋ ಪನೀರು ಸಿಗುತ್ತದೆ. ಗ್ಯಾಸು, ಸಿಟ್ರಿಕ್ ಆಮ್ಲ ಸೇರಿಸಿದರೆ ಕಿಲೋಗೆ 340 ರೂ. ಬೀಳುತ್ತದೆ. ಆಕಳ ಹಾಲಾದರೆ ಅಷ್ಟೇ ಹಾಲಿಗೆ ಒಂದೂವರೆ ಕಿಲೋ ಸಿಕ್ಕರೆ ಹೆಚ್ಚು.

ಇಳುವರಿ ಕೈಯ ಹದದ ಮೇಲೂ ನಿಂತಿದೆ. ಹಾಲನ್ನು ಕುದಿ ಬರುವ ತನಕ ಕಾಯಿಸಿ, ಕೆಳಗಿಳಿಸಿ, ಸ್ವಲ್ಪ ಆರಿದ ಮೇಲೆ ಹುಳಿ ನೀರನ್ನು ಸ್ವಲ್ಪಸ್ವಲ್ಪವೇ ಹಾಕಬೇಕು. ಲೀಟರಿಗೆ 2 ಗ್ರಾಂ ಸಿಟ್ರಿಕ್ ಆಮ್ಲ ಸಾಕು. ಬೇರ್ಪಟ್ಟ ನೀರು ತಿಳಿ ಹಸಿರಾದರೆ ಹುಳಿ ನಿಲ್ಲಿಸಬೇಕು. ನೀರು ಇನ್ನೂ ಹಾಲಿನಂತೆ ಬೆಳ್ಳಗಿದ್ದರೆ ಪನೀರು ಅದರಲ್ಲೇ ಹರಿದುಹೋಗುತ್ತಿದೆ ಎಂದರ್ಥ. ಹುಳಿ ಹೆಚ್ಚಾದರೆ ಪನೀರು ಗಟ್ಟಿಯಾಗಿ ಹುಳಿಯಾಗುತ್ತದೆ. ಉಳಿದ ನೀರನ್ನು ಚಪಾತಿ ಹಿಟ್ಟು ನಾದಲು ಬಳಸಬಹುದು.

ಹಾಲಿಗೇ ಇಷ್ಟು ಬೆಲೆ ಇರುವಾಗ ಕಿಲೋಗೆ 220 ರೂ. ಪನೀರು ಹೇಗೆ ಬರುತ್ತದೆ? ಕೊಳ್ಳುವ ಮುನ್ನ ಇದನ್ನೇ ಕೇಳಿಕೊಳ್ಳಬೇಕು. ಬೇಯಿಸಿ ಆರಿಸಿದ ತುಂಡಿಗೆ ಟಿಂಚರ್ ಅಯೋಡಿನ್ ಹನಿಸಿದಾಗ ನೀಲಿಯಾದರೆ ಪಿಷ್ಟ ಬೆರೆತಿದೆ. ಆದರೆ ಹಾಲಿನ ಕೊಬ್ಬಿನ ಬದಲು ತಾಳೆ ಎಣ್ಣೆ ಹಾಕಿದ್ದರೆ ಈ ಪರೀಕ್ಷೆಗೆ ಸಿಗುವುದಿಲ್ಲ, ಅದಕ್ಕೆ ಪ್ರಯೋಗಾಲಯವೇ ಬೇಕು.

ಮೊಸರಿನಲ್ಲಿ ನಷ್ಟದ ಮಾತಿಲ್ಲ. 10 ಲೀಟರ್ ಹಾಲಿಗೆ ಹೆಚ್ಚುಕಡಿಮೆ 10 ಕಿಲೋ ಮೊಸರು, ಖರ್ಚು ಹಾಲಿನದು ಮತ್ತು ಕಾಯಿಸುವುದರದು ಮಾತ್ರ. ಬೆಚ್ಚಗಿರುವಾಗ ಹೆಪ್ಪು ಹಾಕಿ ಅಲುಗಾಡಿಸದೆ ಇಡಬೇಕು. ಬೇಸಿಗೆಯಲ್ಲಿ ನಾಲ್ಕೈದು ತಾಸಿಗೆ ಗಟ್ಟಿಯಾಗುತ್ತದೆ, ಕೂಡಲೇ ಫ್ರಿಜ್‌ಗೆ ಹೋಗದಿದ್ದರೆ ಹುಳಿ ಏರುತ್ತದೆ. ಹುಳಿಯಾದದ್ದು ಕಡಿ, ಮಜ್ಜಿಗೆಗೆ ಹೋಗುತ್ತದೆ. ಮೊಸರು ಮಾಡಿಕೊಳ್ಳುವುದೇ ಸರಿ.

ತುಪ್ಪದ ಕತೆ ಬೇರೆ. ಅದೇ ಹಾಲಿನ 10 ಲೀಟರಿನಲ್ಲಿ ಕೊಬ್ಬು 600 ಗ್ರಾಂ ಆಸುಪಾಸು. ಕೆನೆ ತೆಗೆಯುವಾಗ, ಬೆಣ್ಣೆ ಕಾಯಿಸುವಾಗ ಸ್ವಲ್ಪ ಹೋಗಿ ಕೈಗೆ 550 ಗ್ರಾಂ ಬರುತ್ತದೆ. ಅಂದರೆ 1 ಕಿಲೋ ತುಪ್ಪಕ್ಕೆ 18 ಲೀಟರ್ ಹಾಲು, 1170 ರೂ. ಡೇರಿಗಳು ಅಗ್ಗವಾಗಿ ಕೊಡಲು ಕಾರಣವೆಂದರೆ ಕೆನೆ ತೆಗೆದ ಹಾಲನ್ನು ಪುಡಿ ಮಾಡಿ ಮಾರುತ್ತಾರೆ. ಖಾನಾವಳಿಗೆ ಆ ದಾರಿಯಿಲ್ಲ.

ಇಲ್ಲಿ ಹಲವರು ಎಡವುತ್ತಾರೆ. ಕೆನೆ ತೆಗೆದು ತುಪ್ಪ ಮಾಡಿ, ಉಳಿದ ಹಾಲಿನಿಂದ ಪನೀರೂ ಮಾಡಿದರೆ ಎರಡೂ ಬಂದಂತೆ ಅನಿಸುತ್ತದೆ. ಆದರೆ ಕೊಬ್ಬು ಒಂದೇ. ಪನೀರಿನ ತೂಕ ಇಳಿಯುತ್ತದೆ, ತುಂಡು ರಬ್ಬರಿನಂತಾಗಿ ಗಿರಾಕಿ ತಟ್ಟೆಯಲ್ಲೇ ಬಿಡುತ್ತಾನೆ.

ಹಾಗಾಗಿ ತುಪ್ಪವನ್ನು ನಂಬಿಕೆಯ ಡೇರಿಯಿಂದ ಕೊಂಡು, ದಿನವೂ ಕಾಯಿಸಿದ ಹಾಲಿನ ಮೇಲೆ ಸಿಕ್ಕಷ್ಟು ಕೆನೆಯನ್ನು ದಾಲ್ ಒಗ್ಗರಣೆಗೆ ಕಾಯಿಸಿಕೊಂಡರೆ ಸಾಕು. ಪನೀರನ್ನು ಮಾತ್ರ ಹಾಲಿನ ದರ ನೋಡಿ ನಿರ್ಧರಿಸಬೇಕು: ಲೀಟರಿನ ದರವನ್ನು ಐದರಿಂದ ಗುಣಿಸಿ 15 ರೂ. ಸೇರಿಸಿದರೆ ಮನೆಯ ಪನೀರಿನ ಬೆಲೆ ಸಿಗುತ್ತದೆ.