ಕಡತದಲ್ಲಿ ಬಿದ್ದ ಷೇರು, ಕಡತದಿಂದಲೇ ಬಿದ್ದುಹೋದ ಷೇರು

'ಖರೀದಿ ಬೆಲೆಗಿಂತ ಶೇ. 20 ಕುಸಿದರೆ ಮಾರಿಬಿಡು.' ಇಂಥ ನಿಯಮವೊಂದನ್ನು ಇನ್ಫೋಸಿಸ್‌ನ ಹಳೆಯ ಬೆಲೆಗಳ ಮೇಲೆ ಓಡಿಸಿ ನೋಡಿ. ಡಿಸೆಂಬರ್ 2014ರ ಒಂದು ಬೆಳಗ್ಗೆ ಬೆಲೆ ಅರ್ಧಕ್ಕೆ ಇಳಿದಿರುತ್ತದೆ, ಕಂಪ್ಯೂಟರ್ ಗಾಬರಿಯಿಂದ ಮಾರಿರುತ್ತದೆ. ನಿಜವಾಗಿ ಯಾರಿಗೂ ನಷ್ಟವಾಗಿರಲಿಲ್ಲ. ಅಂದು ಒಂದಕ್ಕೊಂದು ಬೋನಸ್ ಷೇರು ಬಂದಿತ್ತು, ಅಷ್ಟೇ. ಷೇರು ಎರಡಾದವು, ಬೆಲೆ ಅರ್ಧವಾಯಿತು. ಷೇರು ವಿಭಜನೆಯಲ್ಲೂ ಆಗುವುದು ಇದೇ.

ಪರಿಹಾರ ಸುಲಭ: ಆ ದಿನಕ್ಕೆ ಹಿಂದಿನ ಬೆಲೆಗಳನ್ನೆಲ್ಲ ಎರಡರಿಂದ ಭಾಗಿಸಿ, ವಹಿವಾಟಾದ ಷೇರುಗಳ ಸಂಖ್ಯೆಯನ್ನು ಎರಡರಿಂದ ಗುಣಿಸಬೇಕು. ಡಿವಿಡೆಂಡ್‌ಗೂ ಇದೇ ದಾರಿ. ಹಿಂದಿನ ದಿನದ ಬೆಲೆ 1,000 ರೂಪಾಯಿ, ಡಿವಿಡೆಂಡ್ 20 ರೂಪಾಯಿ ಎಂದಾದರೆ ಹಳೆಯ ಬೆಲೆಗಳನ್ನೆಲ್ಲ 0.98ರಿಂದ ಗುಣಿಸುತ್ತಾರೆ. ಹಾಗೆ ಮಾಡದಿದ್ದರೆ ಕೈಗೆ ಬಂದ ಆ 20 ರೂಪಾಯಿ ಲೆಕ್ಕದಲ್ಲಿ ನಷ್ಟವಾಗಿ ಕೂರುತ್ತದೆ.

ಆದರೆ ಸರಿಪಡಿಸಿದ ಬೆಲೆಯೂ ಮೋಸ ಮಾಡಬಲ್ಲದು. ಇನ್ಫೋಸಿಸ್ 2015 ಮತ್ತು 2018ರಲ್ಲಿ ಮತ್ತೆ ಒಂದಕ್ಕೊಂದು ಬೋನಸ್ ಕೊಟ್ಟಿತು. ಹಾಗಾಗಿ 2014ರ ನವೆಂಬರ್‌ನಲ್ಲಿ 4,000 ರೂಪಾಯಿ ದಾಟಿದ್ದ ಷೇರು ಇಂದಿನ ಕಡತದಲ್ಲಿ ಅದರ ಎಂಟನೇ ಒಂದು ಭಾಗವಾಗಿ, ಐನೂರು ಚಿಲ್ಲರೆಗೆ ಕಾಣುತ್ತದೆ. '1,000 ರೂಪಾಯಿಗಿಂತ ಅಗ್ಗದ ಷೇರು ಮಾತ್ರ ಕೊಳ್ಳು' ಎಂಬ ನಿಯಮವಿದ್ದರೆ ಅಂದು ಯಾರಿಗೂ ಸಿಗದ ಬೆಲೆಗೆ ನೀವು ಕೊಂಡಿರುತ್ತೀರಿ. ಲಾಭದ ಲೆಕ್ಕಕ್ಕೆ ಸರಿಪಡಿಸಿದ ಬೆಲೆ, ಇಂಥ ಷರತ್ತುಗಳಿಗೆ ಅಂದಿನ ಅಸಲಿ ಬೆಲೆ. ಎರಡೂ ಕೈಯಲ್ಲಿರಬೇಕು.

ಇವೆಲ್ಲ ಅಂಕಗಣಿತದಲ್ಲಿ ಮುಗಿಯುವ ತೊಂದರೆಗಳು. ನನ್ನ ಮಟ್ಟಿಗೆ ದೊಡ್ಡ ಮೋಸ ಇರುವುದು ಕಡತದಲ್ಲಿ ಇಲ್ಲದ ಷೇರುಗಳಲ್ಲಿ. ಇಂದಿನ ನಿಫ್ಟಿಯ ಐವತ್ತು ಕಂಪನಿಗಳನ್ನು ಹಿಡಿದು 2008ರಿಂದ ಪರೀಕ್ಷೆ ಮಾಡಿದರೆ ಯಾವ ಪೆದ್ದ ನಿಯಮವೂ ಗೆಲ್ಲುತ್ತದೆ. ಗೆದ್ದವರ ಪಟ್ಟಿ ಮೊದಲೇ ಕೈಯಲ್ಲಿದೆಯಲ್ಲ! 2008ರ ಪಟ್ಟಿಯಲ್ಲಿ ಸತ್ಯಂ, ಯೂನಿಟೆಕ್, ಸುಜ್ಲಾನ್, ರಿಲಯನ್ಸ್ ಕಮ್ಯುನಿಕೇಷನ್ಸ್ ಇದ್ದವು. ಅಂದು ಹಣ ಹಾಕಿದವರು ಅವನ್ನೂ ಕೊಂಡಿದ್ದರು. ಆದ್ದರಿಂದ ಪರೀಕ್ಷೆಯ ಪ್ರತಿ ದಿನಕ್ಕೂ ಆ ದಿನ ಸೂಚ್ಯಂಕದಲ್ಲಿದ್ದ ಪಟ್ಟಿಯನ್ನೇ ಬಳಸಬೇಕು.

ಸತ್ತ ಕಂಪನಿಗಳನ್ನು ಸೇರಿಸಿದ ಮೇಲೂ ಒಂದು ಕೆಲಸ ಉಳಿಯುತ್ತದೆ. 2018ರಲ್ಲಿ 600 ರೂಪಾಯಿ ದಾಟಿದ್ದ ಡಿಎಚ್ಎಫ್ಎಲ್ 2021ರ ಜೂನ್‌ನಲ್ಲಿ ವಿನಿಮಯ ಕೇಂದ್ರದಿಂದ ಹೊರಬಿತ್ತು. ಷೇರುದಾರರಿಗೆ ಬಿಡಿಗಾಸೂ ಸಿಗಲಿಲ್ಲ. ಕಡತದಲ್ಲಿ ಮಾತ್ರ ಕೊನೆಯ ವಹಿವಾಟಿನ ಬೆಲೆ ನಿಂತಿರುತ್ತದೆ, ಪ್ರೋಗ್ರಾಂ ಅದೇ ಬೆಲೆಗೆ ಮಾರಿದೆನೆಂದು ಬರೆದುಕೊಳ್ಳುತ್ತದೆ. ಅಲ್ಲಿ ಸೊನ್ನೆಯನ್ನು ನೀವೇ ತುಂಬಬೇಕು.

ಯಾರಾದರೂ ಹಳೆಯ ಬೆಲೆಗಳ ಕಡತ ಮಾರಲು ಬಂದರೆ ಮೊದಲು ಅದರಲ್ಲಿ ಡಿಎಚ್ಎಫ್ಎಲ್ ಹುಡುಕಿ. ಸಿಗದಿದ್ದರೆ ದುಡ್ಡು ಕೊಡಬೇಡಿ.