ಬಿಸಿಲಿನ ಆಯ, ಶಾಖದ ವ್ಯಯ: ಗ್ರಹವೊಂದರ ಸಮತೋಲನ ಉಷ್ಣತೆ

ನಾಗಪುರದ ಧರಮಪೇಠದಲ್ಲಿ ಒಂದೆರಡು ವರ್ಷ ನೆಲೆಸಿದವರಿಗೆಲ್ಲ ಒಂದು ಸಂಗತಿ ಅನುಭವದಿಂದಲೇ ತಿಳಿದಿರುತ್ತದೆ. ಏಪ್ರಿಲ್ ತಿಂಗಳ ನಿರಭ್ರವಾದ ದಿನ ಮಧ್ಯಾಹ್ನದಲ್ಲಿ ಉಷ್ಣತೆ 40 ಡಿಗ್ರಿಯನ್ನು ದಾಟುತ್ತದೆ. ಮರುದಿನ ಬೆಳಗಿನ ಜಾವಕ್ಕೆ ಅದು ಹದಿನೈದು ಡಿಗ್ರಿಯಷ್ಟಾದರೂ ಇಳಿದಿರುತ್ತದೆ. ಜುಲೈಯಲ್ಲಿ ಮೋಡ ಕವಿದ ಮೇಲೆ ಹಗಲಿನ ಬೇಗೆ 31-32 ಡಿಗ್ರಿಗೆ ತಗ್ಗುತ್ತದೆ; ಆದರೆ ಇರುಳಿನಲ್ಲಿ ಏಳೆಂಟು ಡಿಗ್ರಿಗಿಂತ ಹೆಚ್ಚು ಇಳಿಯುವುದಿಲ್ಲ. ಇದರಲ್ಲಿ ನೆಲದ ತೇವಕ್ಕೂ ಪಾಲುಂಟು, ನಿಜ. ಆದರೂ ಮುಖ್ಯ ಕರ್ತೃ ಮೋಡವೇ. ಹಗಲು ತಂಪು ಮಾಡಿದ ಮೋಡವೇ ಇರುಳು ನೆಲವನ್ನು ಬೆಚ್ಚಗಿಡುತ್ತದೆ. ಒಂದೇ ವಸ್ತು ಪರಸ್ಪರ ವಿರುದ್ಧವಾದ ಎರಡು ಕೆಲಸಗಳನ್ನು ಹೇಗೆ ಮಾಡುತ್ತದೆ ಎಂಬ ಪ್ರಶ್ನೆಗೆ ಉತ್ತರವನ್ನು ಹುಡುಕುತ್ತ ಹೋದರೆ, ಇಡೀ ಭೂಮಿ ಇಷ್ಟು ಬೆಚ್ಚಗಿರುವುದೇಕೆ ಎಂಬ ದೊಡ್ಡ ಪ್ರಶ್ನೆಯ ಉತ್ತರವೂ ಅಲ್ಲಿಯೇ ದೊರೆಯುತ್ತದೆ.

ಗ್ರಹದ ಶಾಖವನ್ನು ಒಂದು ಮನೆಯ ಆಯವ್ಯಯದಂತೆ ಎಣಿಸಬಹುದು. ಆಯವೆಲ್ಲ ಸೂರ್ಯನಿಂದ ಬರತಕ್ಕದ್ದು. ವ್ಯಯಕ್ಕೆ ಇರುವ ಮಾರ್ಗ ಒಂದೇ: ಗ್ರಹವು ತಾನೇ ಹೊರಸೂಸುವ ವಿಕಿರಣ. ಸುತ್ತಲೂ ಶೂನ್ಯಾಕಾಶವಿರುವುದರಿಂದ ಗಾಳಿಯಿಂದಾಗಲಿ ಸ್ಪರ್ಶದಿಂದಾಗಲಿ ಶಾಖ ಕಳೆದುಹೋಗುವಂತಿಲ್ಲ. ಆಯ ಹೆಚ್ಚಾದರೆ ಗ್ರಹ ಬಿಸಿಯಾಗುತ್ತದೆ. ಬಿಸಿಯಾದಷ್ಟೂ ಹೆಚ್ಚು ಸೂಸುತ್ತದೆ. ಕೊನೆಗೆ ಆಯವ್ಯಯಗಳು ಸಮವಾದ ಉಷ್ಣತೆಯಲ್ಲಿ ನಿಲ್ಲುತ್ತದೆ. ಇದೇ ಸಮತೋಲನ ಉಷ್ಣತೆ.

ಮೊದಲು ಆಯವನ್ನು ನೋಡೋಣ. ಭೂಮಿಯ ದೂರದಲ್ಲಿ ಸೂರ್ಯನಿಗೆ ನೇರವಾಗಿ ಹಿಡಿದ ಒಂದು ಚದರ ಮೀಟರಿನ ಮೇಲೆ ಬೀಳುವ ಶಕ್ತಿ ಸುಮಾರು 1361 ವ್ಯಾಟ್. ಇದಕ್ಕೆ ಸೌರ ಸ್ಥಿರಾಂಕವೆಂದು ಹೆಸರು. ಆದರೆ ಭೂಮಿ ಸೂರ್ಯನಿಗೆ ಒಡ್ಡುವುದು ಒಂದು ವೃತ್ತದ ವಿಸ್ತೀರ್ಣವನ್ನು ಮಾತ್ರ; ಆ ಬಿಸಿಲು ಹಂಚಿಹೋಗುವುದು ಇಡೀ ಗೋಲದ ಮೈಮೇಲೆ. ಗೋಲದ ಮೈ ಅದೇ ತ್ರಿಜ್ಯದ ವೃತ್ತದ ನಾಲ್ಕರಷ್ಟಿರುವುದರಿಂದ, ಹಗಲು ಇರುಳು, ಧ್ರುವ ವಿಷುವ ಎಲ್ಲವನ್ನೂ ಸೇರಿಸಿದ ಸರಾಸರಿ 340 ವ್ಯಾಟ್ ಆಗುತ್ತದೆ. ಈ ಲೆಕ್ಕವನ್ನು ಮೊದಲ ಸಲ ಮಾಡುವವರು ಎಡವುವುದು ಬಹುಮಟ್ಟಿಗೆ ಇಲ್ಲಿಯೇ. ನಾಲ್ಕರಿಂದ ಭಾಗಿಸಲು ಮರೆತರೆ ಭೂಮಿಯ ಉಷ್ಣತೆ 87 ಡಿಗ್ರಿ ಸೆಲ್ಸಿಯಸ್ ಎಂದು ಬರುತ್ತದೆ. ಅಂಥ ಉತ್ತರ ಬಂದಾಗ ತಪ್ಪು ಎಲ್ಲಿದೆಯೆಂದು ಹೆಚ್ಚು ಹುಡುಕಬೇಕಾದುದಿಲ್ಲ.

ಬಂದ ಬಿಸಿಲೆಲ್ಲವೂ ಆಯವಲ್ಲ. ಸುಣ್ಣ ಬಳಿದ ಮಾಳಿಗೆ ಬಿಸಿಲಿನ ಬಹುಭಾಗವನ್ನು ಹಿಂದಕ್ಕೆ ಎಸೆಯುತ್ತದೆ. ಅದರ ಪಕ್ಕದ ಡಾಮರು ರಸ್ತೆ ಬಹುಭಾಗವನ್ನು ನುಂಗುತ್ತದೆ. ಹೀಗೆ ಮರಳಿಹೋಗುವ ಅಂಶವನ್ನು ಪ್ರತಿಫಲನಾಂಕವೆಂದು ಕರೆಯೋಣ. ಮೋಡ, ಹಿಮ, ಮರಳುಗಾಡು, ಕಡಲು ಎಲ್ಲವನ್ನೂ ಕೂಡಿಸಿ ಭೂಮಿಯ ಪ್ರತಿಫಲನಾಂಕ ಸುಮಾರು 0.30; ಅದರಲ್ಲಿ ದೊಡ್ಡ ಪಾಲು ಮೋಡಗಳದು. ಆದುದರಿಂದ ಭೂಮಿ ನಿಜವಾಗಿ ಗಳಿಸುವುದು 340ರ ಹತ್ತರಲ್ಲಿ ಏಳು ಪಾಲು, ಎಂದರೆ ಚದರ ಮೀಟರಿಗೆ 238 ವ್ಯಾಟ್.

ಇನ್ನು ವ್ಯಯ. ಕಪ್ಪು ವಸ್ತುವೊಂದು ಸೂಸುವ ಶಕ್ತಿ ಅದರ ನಿರಪೇಕ್ಷ ಉಷ್ಣತೆಯ ನಾಲ್ಕನೆಯ ಘಾತಕ್ಕೆ ಅನುಗುಣವಾಗಿರುತ್ತದೆಂದು ಆಸ್ಟ್ರಿಯದ ಸ್ಟೆಫಾನ್ 1879ರಲ್ಲಿ ಪ್ರಯೋಗಗಳ ಫಲಿತಾಂಶಗಳಿಂದ ಊಹಿಸಿದನು. 1884ರಲ್ಲಿ ಬೋಲ್ಟ್ಸ್‌ಮನ್ ಅದನ್ನು ತತ್ತ್ವದಿಂದ ಸಾಧಿಸಿದನು. ಭೂಮಿ ಸೂಸುವುದು ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು. ಆ ಕಿರಣಗಳ ಮಟ್ಟಿಗೆ ನೆಲವೂ ನೀರೂ ಹೆಚ್ಚುಕಡಿಮೆ ಕಪ್ಪು ವಸ್ತುಗಳೇ. ಈಗ ಆಯವನ್ನೂ ವ್ಯಯವನ್ನೂ ಸಮ ಮಾಡಿದರೆ ಈ ಸಮೀಕರಣ ದೊರೆಯುತ್ತದೆ:

S(1 − A)/4 = σT⁴

ಇಲ್ಲಿ S ಸೌರ ಸ್ಥಿರಾಂಕ, A ಪ್ರತಿಫಲನಾಂಕ, T ಕೆಲ್ವಿನ್ ಮಾನದ ಉಷ್ಣತೆ, σ ಎಂಬುದು 5.67 × 10⁻⁸. ಉಷ್ಣತೆಯನ್ನು ಸೆಲ್ಸಿಯಸ್ ಮಾನದಲ್ಲಿ ಇಟ್ಟರೆ ಸಮೀಕರಣಕ್ಕೆ ಅರ್ಥವೇ ಇರುವುದಿಲ್ಲ. 238ನ್ನು σದಿಂದ ಭಾಗಿಸಿ ಎರಡು ಸಲ ವರ್ಗಮೂಲ ತೆಗೆದರೆ 255 ಕೆಲ್ವಿನ್ ಬರುತ್ತದೆ. ಅದು ಸೊನ್ನೆಗಿಂತ 18 ಡಿಗ್ರಿ ಕೆಳಗೆ. ಆದರೆ ಭೂತಲದ ನಿಜವಾದ ಸರಾಸರಿ ಸುಮಾರು 288 ಕೆಲ್ವಿನ್, ಎಂದರೆ 15 ಡಿಗ್ರಿ. ಲೆಕ್ಕದ ಪ್ರಕಾರ ಕಡಲುಗಳೆಲ್ಲ ಹೆಪ್ಪುಗಟ್ಟಿರಬೇಕಾಗಿತ್ತು, ಹಾಗಾಗಿಲ್ಲ. ಈ 33 ಡಿಗ್ರಿಗಳ ಅಂತರವೇ ನಮ್ಮ ವಿಚಾರದ ಕೇಂದ್ರ.

ಅಂತರಕ್ಕೆ ಕಾರಣ ವಾಯುಮಂಡಲವಿರಬೇಕೆಂದು ಫ್ರಾನ್ಸಿನ ಫೂರಿಯೆ 1824ರಲ್ಲಿಯೇ ಸೂಚಿಸಿದ್ದನು. ಗಾಳಿಯ ಯಾವ ಅಂಶ ಈ ಕೆಲಸ ಮಾಡುತ್ತದೆಂದು 1859ರಿಂದ ಅಳೆದು ತೋರಿಸಿದವನು ಟಿಂಡಲ್. ಗಾಳಿಯ ಬಹುಭಾಗವಾದ ಸಾರಜನಕವೂ ಆಮ್ಲಜನಕವೂ ಶಾಖಕಿರಣಗಳನ್ನು ತಡೆಯುವುದಿಲ್ಲ. ಅಲ್ಪಾಂಶವಾಗಿರುವ ನೀರಾವಿಯೂ ಇಂಗಾಲದ ಡೈಆಕ್ಸೈಡೂ ತಡೆಯುತ್ತವೆ. ಬಿಸಿಲಿಗೆ ಇವು ಬಹುಮಟ್ಟಿಗೆ ದಾರಿ ಕೊಡುತ್ತವೆ. ನೆಲದ ಅವಕೆಂಪಿಗೆ ಕೊಡುವುದಿಲ್ಲ. ಹಸುರುಮನೆ ಪರಿಣಾಮವೆಂದು ಹೇಳುವುದು ಇದನ್ನೇ.

ಇದನ್ನು ಲೆಕ್ಕಕ್ಕೆ ತರಲು ವಾಯುಮಂಡಲವನ್ನು ಒಂದೇ ಪದರವೆಂದು ಭಾವಿಸೋಣ. ಅದು ಬಿಸಿಲನ್ನು ಪೂರ್ತಿಯಾಗಿ ಒಳಗೆ ಬಿಡುತ್ತದೆ. ನೆಲದಿಂದ ಏರುವ ಅವಕೆಂಪನ್ನು ಪೂರ್ತಿಯಾಗಿ ಹೀರುತ್ತದೆ. ಹೀರಿದ್ದನ್ನು ಅದು ಕೂಡಿಟ್ಟುಕೊಳ್ಳುವುದಿಲ್ಲ; ಮೇಲಕ್ಕೆ ಅರ್ಧ, ಕೆಳಕ್ಕೆ ಅರ್ಧವಾಗಿ ಸೂಸುತ್ತದೆ. ಆಕಾಶಕ್ಕೆ ಹೋಗಬೇಕಾದುದು 238 ವ್ಯಾಟ್. ಅದನ್ನು ಈಗ ಕಳಿಸತಕ್ಕದ್ದು ಪದರ. ಆದುದರಿಂದ ಕೆಳಕ್ಕೂ ಅಷ್ಟೇ ಬರುತ್ತದೆ. ನೆಲಕ್ಕೆ ಸೂರ್ಯನಿಂದ 238, ಪದರದಿಂದ 238, ಒಟ್ಟು 476 ವ್ಯಾಟ್. ಇಷ್ಟನ್ನು ಸೂಸಬೇಕಾದರೆ ನೆಲದ ಉಷ್ಣತೆ 303 ಕೆಲ್ವಿನ್, ಎಂದರೆ 30 ಡಿಗ್ರಿ ಇರಬೇಕು.

ಪದರವು ಹೊಸ ಶಕ್ತಿಯನ್ನೇನೂ ಹುಟ್ಟಿಸಲಿಲ್ಲ ಎಂಬುದನ್ನು ವಾಚಕರು ಗಮನಿಸಬೇಕು. ಗ್ರಹದಿಂದ ಹೊರಬೀಳುವುದು ಮೊದಲಿನಂತೆಯೇ 238. ಅದು ಈಗ 255 ಕೆಲ್ವಿನ್ ಉಷ್ಣತೆಯ ಮೇಲಿನ ಪದರದಿಂದ ಹೊರಡುತ್ತದೆ, ನೆಲದಿಂದಲ್ಲ; ವ್ಯತ್ಯಾಸವಿಷ್ಟೆ.

ಮೊದಲು ಬಂದ ಉತ್ತರ ತೀರ ಕಡಮೆಯಾಗಿತ್ತು. ಇದು 15 ಡಿಗ್ರಿ ಹೆಚ್ಚು. ಪದರ ಪೂರ್ತಿ ಮುಚ್ಚಿದೆಯೆಂದು ಭಾವಿಸಿದುದೇ ಇದಕ್ಕೆ ಒಂದು ಕಾರಣ. ನಿಜದಲ್ಲಿ ನೆಲದ ಕಿರಣಗಳಲ್ಲಿ ಕೆಲವು ನೇರವಾಗಿ ಆಕಾಶಕ್ಕೆ ನುಸುಳುತ್ತವೆ. ಪದರವು ನೂರಕ್ಕೆ 78 ಪಾಲನ್ನು ಮಾತ್ರ ಹೀರುತ್ತದೆಂದು ಇಟ್ಟುಕೊಂಡು ಲೆಕ್ಕವನ್ನು ಪುನಃ ಬರೆಯೋಣ. 288 ಕೆಲ್ವಿನ್ ಉಷ್ಣತೆಯ ನೆಲ 390 ವ್ಯಾಟ್ ಸೂಸುತ್ತದೆ. ಅದರಲ್ಲಿ 304ನ್ನು ಪದರ ಹೀರುತ್ತದೆ, 86 ನುಸುಳಿಹೋಗುತ್ತದೆ. ಹೀರಿದ 304ರಲ್ಲಿ 152 ಮೇಲಕ್ಕೆ, 152 ಕೆಳಕ್ಕೆ. ಆಕಾಶಕ್ಕೆ ಹೋದದ್ದು 152 ಮತ್ತು 86, ಒಟ್ಟು 238; ಸರಿಯಾಯಿತು. ನೆಲಕ್ಕೆ ಬಂದದ್ದು 238 ಮತ್ತು 152, ಒಟ್ಟು 390, ಅದೂ ಸರಿಯಾಯಿತು.

ಆದರೆ ಈ 78 ಎಂಬುದು ಅಳೆದು ಬಂದ ಅಂಕಿಯಲ್ಲ, ಉತ್ತರಕ್ಕೆ ಹೊಂದುವಂತೆ ಆರಿಸಿಕೊಂಡದ್ದು ಎಂಬುದನ್ನು ಮರೆಯಬಾರದು. ಅಳತೆಗಳ ಪ್ರಕಾರ ಬಿಸಿಲಿನಲ್ಲಿ ಸುಮಾರು 80 ವ್ಯಾಟನ್ನು ಗಾಳಿಯೇ ಹೀರಿಕೊಳ್ಳುತ್ತದೆ; ನೆಲವು ನೀರಿನ ಆವಿಯ ಮೂಲಕವೂ ಬಿಸಿಗಾಳಿಯ ಏರಿಕೆಯ ಮೂಲಕವೂ ಸುಮಾರು 100 ವ್ಯಾಟನ್ನು ಮೇಲಕ್ಕೆ ಸಾಗಿಸುತ್ತದೆ; ಗಾಳಿಯಿಂದ ನೆಲಕ್ಕೆ ಮರಳುವ ವಿಕಿರಣ 152 ಅಲ್ಲ, 340ರ ಆಸುಪಾಸು. ಒಂದು ಪದರದ ಲೆಕ್ಕ ಕಾರಣವನ್ನು ಸರಿಯಾಗಿ ತೋರಿಸುತ್ತದೆ, ವಿವರಗಳನ್ನಲ್ಲ.

ಅದರ ಮಿತಿಯನ್ನು ಶುಕ್ರಗ್ರಹ ಇನ್ನೂ ಸ್ಪಷ್ಟವಾಗಿ ತಿಳಿಸುತ್ತದೆ. ಶುಕ್ರನ ಮೇಲೆ ಬೀಳುವ ಬಿಸಿಲು ನಮ್ಮದರ ಇಮ್ಮಡಿಗೆ ಹತ್ತಿರ, 2601 ವ್ಯಾಟ್. ಆದರೆ ಅದರ ಬೆಳ್ಳನೆಯ ಮೋಡಗಳ ಪ್ರತಿಫಲನಾಂಕ ಸುಮಾರು 0.77 ಆದುದರಿಂದ ಗ್ರಹ ಗಳಿಸುವುದು ಚದರ ಮೀಟರಿಗೆ 150 ವ್ಯಾಟ್, ಎಂದರೆ ಭೂಮಿಗಿಂತ ಕಡಮೆ. ಸಮತೋಲನ ಉಷ್ಣತೆ 227 ಕೆಲ್ವಿನ್. ಪೂರ್ತಿ ಮುಚ್ಚಿದ ಒಂದು ಪದರವನ್ನು ಹೊದಿಸಿದರೂ 270ನ್ನು ಮುಟ್ಟುವುದಿಲ್ಲ. ಅಲ್ಲಿನ ನೆಲದ ನಿಜವಾದ ಉಷ್ಣತೆಯಾದರೋ 737 ಕೆಲ್ವಿನ್, ಸೀಸ ಕರಗುವಷ್ಟು ಬಿಸಿ. ಆ ಅಂಕಿಯನ್ನು ಪಡೆಯಬೇಕಾದರೆ ಒಂದರ ಮೇಲೊಂದರಂತೆ ನೂರಕ್ಕೂ ಹೆಚ್ಚು ಪದರಗಳನ್ನು ಲೆಕ್ಕದಲ್ಲಿ ಹೇರಬೇಕಾಗುತ್ತದೆ. ಸೂರ್ಯನಿಗೆ ಹತ್ತಿರವಿರುವುದರಿಂದಲೇ ಶುಕ್ರ ಬಿಸಿಯೆಂಬ ತಿಳಿವಳಿಕೆ ಹೀಗೆ ನಿಲ್ಲುವುದಿಲ್ಲ. ಕಾರಣ ಇಂಗಾಲದ ಡೈಆಕ್ಸೈಡಿನಿಂದ ತುಂಬಿದ ಅದರ ದಟ್ಟವಾದ ವಾಯುಮಂಡಲ.

ಈ ಲೆಕ್ಕದಲ್ಲಿ ನಮಗೆ ಸಂಬಂಧಿಸಿದ ಸೂಕ್ಷ್ಮವೆಂದರೆ ಚಿಕ್ಕ ಬದಲಾವಣೆಗಳ ಫಲ. ಭೂಮಿಯ ಪ್ರತಿಫಲನಾಂಕ 0.30ರಿಂದ 0.29ಕ್ಕೆ ಇಳಿದರೆ ಸಮತೋಲನ ಉಷ್ಣತೆ ಸುಮಾರು 0.9 ಡಿಗ್ರಿ ಏರುತ್ತದೆ. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡು ಇಮ್ಮಡಿಯಾದರೆ ಹೊರಹೋಗುವ ವಿಕಿರಣ ಸುಮಾರು 4 ವ್ಯಾಟ್‌ನಷ್ಟು ಕಡಮೆಯಾಗುತ್ತದೆ. ಆ ಕೊರತೆಯನ್ನು ತುಂಬಲು ಉಷ್ಣತೆ ಒಂದು ಡಿಗ್ರಿಗೆ ಸ್ವಲ್ಪ ಮಿಗಿಲಾಗಿ ಏರಬೇಕು. ಅಷ್ಟಕ್ಕೇ ನಿಂತರೆ ಚಿಂತೆ ಕಡಮೆ. ಆದರೆ ಬಿಸಿಯಾದ ಗಾಳಿ ಹೆಚ್ಚು ನೀರಾವಿಯನ್ನು ಹಿಡಿಯುತ್ತದೆ, ಎಂದರೆ ಪದರ ಇನ್ನಷ್ಟು ಮುಚ್ಚುತ್ತದೆ. ಹಿಮ ಕರಗಿ ಪ್ರತಿಫಲನಾಂಕ ಇಳಿಯುತ್ತದೆ. ಹೀಗೆ ಏರಿಕೆಯೇ ಏರಿಕೆಯನ್ನು ಹೆಚ್ಚಿಸುವುದರಿಂದ ಇಂದಿನ ವಿಜ್ಞಾನಿಗಳ ಅಂದಾಜು ಸುಮಾರು 3 ಡಿಗ್ರಿ.

ಈಗ ಧರಮಪೇಠಕ್ಕೆ ಹಿಂದಿರುಗೋಣ. ಮೇ ತಿಂಗಳ ಕೊನೆಗೆ ಇಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆಯೇ ಇರುತ್ತಾನೆ. ವಾಯುಮಂಡಲವೇ ಇಲ್ಲದೆ, ನೆಲವು ಬಿಸಿಲಿನ ಐದರಲ್ಲಿ ನಾಲ್ಕು ಪಾಲನ್ನು ಹೀರುವುದಾಗಿದ್ದರೆ, ಆ ಗಳಿಗೆಯ ಸಮತೋಲನದಲ್ಲಿ ಅದರ ಉಷ್ಣತೆ ನೂರು ಡಿಗ್ರಿಗೆ ಹತ್ತಿರವಾಗುತ್ತಿತ್ತು. ಇಲ್ಲಿ ನಾಲ್ಕರಿಂದ ಭಾಗಿಸುವ ಮಾತಿಲ್ಲ. ಇದು ಗ್ರಹದ ಸರಾಸರಿಯಲ್ಲ, ಒಂದು ಊರಿನ ಒಂದು ಹೊತ್ತು. ಇದು ಬರಿಯ ಕಲ್ಪನೆಯೂ ಅಲ್ಲ. ಸೂರ್ಯನಿಂದ ನಮ್ಮಷ್ಟೇ ದೂರದಲ್ಲಿರುವ ಚಂದ್ರನ ನೆಲ ನಡುಹಗಲಿನಲ್ಲಿ 120 ಡಿಗ್ರಿಯ ಹತ್ತಿರಕ್ಕೆ ಏರುತ್ತದೆ. ಇರುಳಿನಲ್ಲಿ ಸೊನ್ನೆಗಿಂತ 170 ಡಿಗ್ರಿಗೂ ಕೆಳಗೆ ಇಳಿಯುತ್ತದೆ. ಅಲ್ಲಿ ಮೋಡವಿಲ್ಲ, ಪದರವಿಲ್ಲ.

ಆರಂಭದ ಪ್ರಶ್ನೆಗೆ ಉತ್ತರವೂ ಇದರಿಂದ ಸಿಕ್ಕಂತಾಯಿತು. ಜುಲೈ ತಿಂಗಳ ಮೋಡ ಹಗಲಿನಲ್ಲಿ ಸಮೀಕರಣದ A. ಬಿಸಿಲನ್ನು ಮೇಲಿನಿಂದಲೇ ಹಿಂದಕ್ಕೆ ಕಳಿಸಿ ಆಯವನ್ನು ತಗ್ಗಿಸುತ್ತದೆ. ಇರುಳಿನಲ್ಲಿ ಆಯ ಸೊನ್ನೆ. ಆಗ ಅದೇ ಮೋಡ ನೆಲದ ಮೇಲೆ ಮುಚ್ಚಿದ ಪದರವಾಗಿ, ನೆಲ ಕಳೆದುಕೊಂಡುದರ ಬಹುಭಾಗವನ್ನು ಅದಕ್ಕೇ ಮರಳಿಸುತ್ತದೆ. ಏಪ್ರಿಲ್ ತಿಂಗಳ ಒಣಗಾಳಿಯಲ್ಲಿ ಮೋಡವಿಲ್ಲ, ನೀರಾವಿ ಅಲ್ಪ. ಆದುದರಿಂದ ಹಗಲು ತಡೆಯಿಲ್ಲದೆ ಕಾದ ನೆಲ ಇರುಳು ತಡೆಯಿಲ್ಲದೆ ಆರುತ್ತದೆ. ಡಿಸೆಂಬರಿನ ನಿರಭ್ರ ರಾತ್ರಿಯಲ್ಲಿ ಇಲ್ಲಿನ ಉಷ್ಣತೆ ಹತ್ತು ಡಿಗ್ರಿಗಿಂತ ಕೆಳಗಿಳಿದು ನಾವು ಕಂಬಳಿ ಹುಡುಕುವಾಗ, ನಮ್ಮ ಮಾಳಿಗೆಯ ಶಾಖ ನಡುವೆ ಹೆಚ್ಚು ತಡೆಯಿಲ್ಲದೆ ನಕ್ಷತ್ರಗಳ ಕಡೆಗೆ ಹೊರಟುಹೋಗುತ್ತಿದೆಯೆಂದು ತಿಳಿಯಬೇಕು.